ಬಲಕ್ಕೆ ಸರಿದ ಅಲೆಗೆ ಮೈನಸ್ ಯಾಕೆ?

ಡಿಪ್ಲೊಮಾ ಓದುವಾಗ ಸೈನ್ ಅಲೆಯ ಸೂತ್ರ ನನಗೆ ಬಾಯಿಪಾಠವಾಗಿತ್ತು. ಆದರೆ ಅದು ನಿಜಕ್ಕೂ ಅರ್ಥವಾಗಿದ್ದು ಲ್ಯಾಬಿನಲ್ಲಿ, ಆಸಿಲೋಸ್ಕೋಪ್ ಮುಂದೆ ಕೂತ ದಿನ.

12 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ 1.8 ಕಿಲೋಓಮ್ ರೆಸಿಸ್ಟರ್ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನು ಸರಣಿಯಲ್ಲಿ ಹಾಕಿದ್ದೆ. ಮೊದಲ ಚಾನೆಲ್ ಸೆಕೆಂಡರಿಗೆ, ಎರಡನೆಯದು ಕೆಪಾಸಿಟರಿಗೆ. ಎರಡೂ ಪ್ರೋಬಿನ ಗ್ರೌಂಡ್ ಕ್ಲಿಪ್ ಒಂದೇ ಜಾಗದಲ್ಲಿ.

ಮೊದಲು ಎತ್ತರ ನೋಡಿದೆ. ಒಂದು ಚೌಕಕ್ಕೆ 5 ವೋಲ್ಟ್ ಇಟ್ಟಿದ್ದೆ. ಮೇಲಿನ ತುದಿಯಿಂದ ಕೆಳಗಿನ ತುದಿಗೆ 7.2 ಚೌಕ, ಅಂದರೆ 36 ವೋಲ್ಟ್. ಅದರಲ್ಲಿ ಅರ್ಧ, 18 ವೋಲ್ಟ್, ಗರಿಷ್ಠ ಮೌಲ್ಯ. ಸೊನ್ನೆ ಗೆರೆಯಿಂದ ಅಳೆಯುವುದಕ್ಕಿಂತ ಹೀಗೆ ಮಾಡುವುದೇ ಒಳ್ಳೆಯದು. ಗೆರೆ ಚೂರು ಮೇಲೆ ಕೆಳಗೆ ಆಗಿದ್ದರೂ ಲೆಕ್ಕ ಕೆಡುವುದಿಲ್ಲ. 18 ಅನ್ನು 1.414ರಿಂದ ಭಾಗಿಸಿದರೆ ಆರ್‌ಎಂಎಸ್ ಮೌಲ್ಯ 12.7 ವೋಲ್ಟ್. ಮಲ್ಟಿಮೀಟರ್ ಕೂಡ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸಿತು.

ಸಮಯ ಒಂದು ಚೌಕಕ್ಕೆ 2 ಮಿಲಿಸೆಕೆಂಡ್. ಒಂದು ಪೂರ್ತಿ ಅಲೆ 10 ಚೌಕ ಹಿಡಿಯಿತು. 20 ಮಿಲಿಸೆಕೆಂಡಿಗೆ ಒಂದು ಅಲೆ, ಹಾಗಾಗಿ ಆವರ್ತನ 50 ಹರ್ಟ್ಸ್. ಸೂತ್ರದಲ್ಲಿ ಇದೇ 314 ಆಗಿ ಬರುತ್ತದೆ: `2π × 50`. ಮೊದಲ ಅಲೆ `18 sin(314t)`.

ನಾನು ಎಡವಿದ್ದು ಫೇಸ್ ಕೋನದಲ್ಲಿ. ಕೆಪಾಸಿಟರಿನ ಅಲೆ 0.8 ಚೌಕ ಬಲಕ್ಕಿತ್ತು. 10 ಚೌಕಕ್ಕೆ 360 ಡಿಗ್ರಿ ಅಂದರೆ ಒಂದು ಚೌಕಕ್ಕೆ 36, ಹಾಗಾಗಿ ಕೋನ ಸುಮಾರು 29 ಡಿಗ್ರಿ. ಬಲಕ್ಕಿದೆ ಅಂದರೆ ಮುಂದಿದೆ ಅಂದುಕೊಂಡು ಪ್ಲಸ್ ಬರೆದೆ. ಮೇಷ್ಟ್ರು ಪರದೆಯ ಮೇಲೆ ಬೆರಳಿಟ್ಟು, "ಯಾವುದು ಮೊದಲು ಸೊನ್ನೆ ದಾಟಿ ಮೇಲೆ ಹೋಗ್ತಿದೆ ನೋಡಪ್ಪ" ಅಂದರು. ಪರದೆಯಲ್ಲಿ ಎಡಗಡೆ ಇರುವುದು ಮೊದಲು ನಡೆದದ್ದು, ಅಲ್ವಾ? ಬಲಕ್ಕಿರುವ ಅಲೆ ತಡವಾಗಿ ಬಂದದ್ದು. ಅದು ಹಿಂದುಳಿದಿದೆ, ಹಾಗಾಗಿ ಚಿಹ್ನೆ ಮೈನಸ್. ಅದರ ಎತ್ತರವೂ ಕಡಿಮೆ, ಗರಿಷ್ಠ 15.7 ವೋಲ್ಟ್:

`v = 15.7 sin(314t − 29°)`

ಇನ್ನೊಂದು ಮಾತು. ಒಂದೇ ಅಲೆಯನ್ನು ಪರದೆಯಲ್ಲಿಟ್ಟು ಅದರ ಫೇಸ್ ಎಷ್ಟು ಅಂತ ಹೇಳಲಾಗದು. ಟ್ರಿಗರ್ ಗುಂಡಿ ತಿರುಗಿಸಿದರೆ ಸಾಕು, ಅಲೆ ಅತ್ತಿತ್ತ ಸರಿಯುತ್ತದೆ. ಎರಡು ಅಲೆಗಳ ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ. ಆ ಅಂತರವನ್ನೂ ಎರಡೂ ಅಲೆ ಸೊನ್ನೆ ದಾಟಿ ಮೇಲಕ್ಕೆ ಹೋಗುವ ಜಾಗದಲ್ಲೇ ಅಳೆಯಬೇಕು. ತುದಿ ಚಪ್ಪಟೆಯಾಗಿರುವುದರಿಂದ ಅಲ್ಲಿ ಅಳತೆ ಸರಿಯಾಗಿ ಸಿಗುವುದಿಲ್ಲ.

ಬರೆದ ಸೂತ್ರವನ್ನು ಪರದೆಗೆ ಹೋಲಿಸಿ ನೋಡುವ ಅಭ್ಯಾಸ ಆವತ್ತಿಂದ ಬಂತು. t = 5 ಮಿಲಿಸೆಕೆಂಡ್ ಹಾಕಿದರೆ 314t ಬೆಲೆ 1.57. ಇದು ರೇಡಿಯನ್, 29 ಇರುವುದು ಡಿಗ್ರಿಯಲ್ಲಿ. ಸುಮ್ನೆ ಕಳೆದುಬಿಟ್ಟರೆ ಉತ್ತರ ಮೈನಸ್ ಬರುತ್ತದೆ. 1.57 ಅನ್ನು 90 ಡಿಗ್ರಿ ಮಾಡಿಕೊಂಡು 29 ಕಳೆದರೆ 61 ಡಿಗ್ರಿ, ವೋಲ್ಟೇಜ್ 13.7. ಮೊದಲ ಅಲೆಯ ತುದಿಯ ನೇರಕ್ಕೆ ಎರಡನೆಯದು ಸೊನ್ನೆಯಿಂದ ಸುಮಾರು 2.7 ಚೌಕ ಮೇಲಿತ್ತು, ಇನ್ನೂ ಏರುತ್ತಲೇ ಇತ್ತು.