ಇನ್‌ಸ್ಟಾ ಫಾಲೋವರ್ಸ್‌ನ ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ ತರೋದು ಹೇಗೆ

ಜೇನು, ಕಾಫಿಪುಡಿ, ಕಾಚಂಪುಳಿ ಮಾರೋರಿಗೆ ಒಂದು ಮಾತು. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ಮೆಸೇಜ್ ತಲುಪೋದೇ ಇಲ್ಲ. ಹಾಗಾಗಿ ಹೋಂಸ್ಟೇ ರಿಜಿಸ್ಟರಿಂದ ನಂಬರ್ ಎತ್ತಿ ಸೇರಿಸಿದರೆ ಲಾಭವಿಲ್ಲ, ಹೆಸರು ಮಾತ್ರ ಕೆಡುತ್ತೆ.

ಮೊದಲ ಮೆಸೇಜ್ ಅವರಿಂದಲೇ ಬರಲಿ. ಬಯೋದಲ್ಲಿ ಈ ಲಿಂಕ್ ಹಾಕಿ:

```
https://wa.me/91XXXXXXXXXX?text=JENU
```

X ಇರುವಲ್ಲಿ ನಿಮ್ಮ ಹತ್ತು ಅಂಕಿ. 91ಕ್ಕಿಂತ ಮೊದಲು + ಅಥವಾ ಸೊನ್ನೆ ಸೇರಿಸಬೇಡಿ.

JENU ಅಂತ ಬಂದ ತಕ್ಷಣ ಹೀಗೆ ಉತ್ತರಿಸಿ: "ನಮಸ್ಕಾರ. ಹೊಸ ಜೇನು ಬಂದಾಗ ತಿಳಿಸ್ತೇವೆ, ತಿಂಗಳಿಗೆ ಎರಡು ಮೆಸೇಜ್ ಮಾತ್ರ. ನಮ್ಮ ನಂಬರ್ ಸೇವ್ ಮಾಡಿ 'ಸರಿ' ಅಂತ ಕಳಿಸಿ. ಸಾಕೆನಿಸಿದರೆ 'ಬೇಡ' ಅನ್ನಿ." 'ಸರಿ' ಅಂದವರನ್ನಷ್ಟೇ ಸೇರಿಸಿ. 'ಬೇಡ' ಅಂದವರನ್ನು ಅವತ್ತೇ ತೆಗೀರಿ, ಯಾಕೆ ಅಂತ ಕೇಳೋಕೆ ಹೋಗ್ಬೇಡಿ. ಬೇಸತ್ತು ರಿಪೋರ್ಟ್ ಮಾಡಿದವರು ಹೆಚ್ಚಾದರೆ ನಿಮ್ಮ ನಂಬರೇ ಬ್ಯಾನ್ ಆಗಬಹುದು.

ಒಂದು ಲಿಸ್ಟಿಗೆ 256 ಜನ ಮಿತಿ. ಜೇನಿಗೆ ಒಂದು, ಕಾಫಿಗೆ ಒಂದು ಲಿಸ್ಟ್ ಇಡೋದು ಒಳ್ಳೇದು. ಜೇನು ಕೇಳಿದವರಿಗೆ ಕರಿಮೆಣಸಿನ ರೇಟ್ ಯಾಕೆ?

ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ. ಡೆಲಿವರ್ ಆದವರಲ್ಲಿ ಹೆಸರಿಲ್ಲದವರು ನಂಬರ್ ಸೇವ್ ಮಾಡಿಲ್ಲದಿರಬಹುದು, ಬ್ಲಾಕ್ ಮಾಡಿರಲೂಬಹುದು. ಆದರೆ ಮಳೆಗಾಲದಲ್ಲಿ ನಮ್ಮೂರಿನವರ ಬಗ್ಗೆ ಆತುರ ಬೇಡ. ಕರೆಂಟು, ಟವರು ಎರಡೂ ಹೋಗಿ ವಾರವಾಗಿರಬಹುದು.