ಅರಿಶಿನದ ಜಾಗದಲ್ಲಿ ನವಿಲುಬಣ್ಣ: ED02 ಎಂಬ ಸಂಖ್ಯೆಯ ಬೆನ್ನು ಹತ್ತಿದ್ದು

ಮೈಸೂರಿನ ನಮ್ಮ ಸಣ್ಣ ಕಾರ್ಯಾಗಾರದಲ್ಲಿ ಮಂಡ್ಯದ ಕಡೆಯ ಒಂದು ಆಲೆಮನೆಗಾಗಿ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಉಷ್ಣಾಂಶವನ್ನು ತೋರಿಸುವ ಪುಟ್ಟ ಪರದೆಯನ್ನು ಸಿದ್ಧಪಡಿಸುತ್ತಿದ್ದೆವು. ಪಾಕ ಹದಕ್ಕೆ ಹತ್ತಿರವಾದಾಗ ಪರದೆಯ ಮೇಲೆ ಅರಿಶಿನ ಬಣ್ಣದ ಪಟ್ಟಿ ಕಾಣಬೇಕಿತ್ತು. ಮೊದಲ ಪರೀಕ್ಷೆಯ ದಿನ ಆಲೆಮನೆಯವರು ನೋಡಿ, “ಸಾರ್, ಇದು ಹಳದಿ ಅಲ್ವಲ್ಲ, ನವಿಲಿನ ಬಣ್ಣ ಇದ್ದಂಗಿದೆ” ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಂಕಿಗಳು ಮಾತ್ರ ಸರಿಯಾಗಿ ಮೂಡಿದ್ದವು.

ನಾವು ಆರಿಸಿದ್ದ ಬಣ್ಣದ ಸಂಕೇತ #E8A317. ಇದರಲ್ಲಿ ಮೊದಲ ಎರಡು ಅಂಕಿ ಕೆಂಪಿನ ಪ್ರಮಾಣ, ನಡುವಿನ ಎರಡು ಹಸಿರು, ಕೊನೆಯ ಎರಡು ನೀಲಿ. ಹೆಕ್ಸಾಡೆಸಿಮಲ್‌ನ ಒಂದೊಂದು ಅಂಕಿಯೂ ಬೈನರಿಯ ಸರಿಯಾಗಿ ನಾಲ್ಕು ಬಿಟ್‌ಗಳಿಗೆ ಸಮ ಎಂಬುದರಿಂದ ದಶಮಾನದ ಕಡೆಗೆ ಹೋಗುವ ಅಗತ್ಯವೇ ಇಲ್ಲ. ನಾನು ಕಾಗದದ ಮೇಲೆ 8, 4, 2, 1 ಎಂದು ಬರೆದುಕೊಂಡು, ಪ್ರತಿ ಅಂಕಿಯನ್ನೂ ಅವುಗಳ ಮೊತ್ತವಾಗಿ ಒಡೆಯುತ್ತೇನೆ. E ಎಂದರೆ 14, ಅಂದರೆ 8, 4 ಮತ್ತು 2 ಸೇರಿದ್ದು, ಆದ್ದರಿಂದ 1110.

```
E8 = 1110 1000
A3 = 1010 0011
17 = 0001 0111
```

ನಾವು ಬಳಸಿದ್ದ ST7735 ಚಿಪ್‌ನ ಪರದೆಗೆ ಒಂದು ಪಿಕ್ಸೆಲ್‌ಗೆ 16 ಬಿಟ್‌ಗಳನ್ನು ಕಳಿಸುತ್ತಿದ್ದೆವು: ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5. ಪ್ರತಿ ಬಣ್ಣದ ಎಡಭಾಗದ ಬಿಟ್‌ಗಳನ್ನು ಉಳಿಸಿಕೊಂಡು ಬಲಭಾಗದವನ್ನು ಬಿಡಬೇಕು. ಬಿಟ್ಟವು ಕಡಿಮೆ ತೂಕದ ಬಿಟ್‌ಗಳಾದ್ದರಿಂದ ಬಣ್ಣ ಕೊಂಚ ಬದಲಾದರೂ ಅರಿಶಿನವು ಅರಿಶಿನವಾಗಿಯೇ ಉಳಿಯುತ್ತದೆ. ಉಳಿದ ಬಿಟ್‌ಗಳನ್ನು ಜೋಡಿಸಿ, ಮತ್ತೆ ನಾಲ್ಕು ನಾಲ್ಕಾಗಿ ಕತ್ತರಿಸಿದೆ.

```
11101 101000 00010
1110 1101 0000 0010 = ED02
```

ಪ್ರೋಗ್ರಾಂನಲ್ಲಿಯೂ ED02 ಎಂದೇ ಇತ್ತು. ಹಾಗಿದ್ದರೆ ನವಿಲುಬಣ್ಣ ಎಲ್ಲಿಂದ ಬಂತು? ಎರಡು ಬೈಟ್‌ಗಳನ್ನು ಅದಲುಬದಲು ಮಾಡಿ 02ED ಎಂದು ಓದಿ ನೋಡಿದೆ. ಬೈನರಿಯಲ್ಲಿ ಅದು 00000 010111 01101: ಕೆಂಪು ಸೊನ್ನೆ, ಹಸಿರು 63ರಲ್ಲಿ 23, ನೀಲಿ 31ರಲ್ಲಿ 13. ಪರದೆಯ ಮೇಲಿದ್ದ ಕಡು ನೀಲಿಹಸಿರು ಇದೇ. ಬಿಳಿಯ FFFF ಮತ್ತು ಕಪ್ಪಿನ 0000 ತಿರುವುಮುರುವಾದರೂ ಹಾಗೆಯೇ ಇರುವುದರಿಂದ ಅಂಕಿಗಳು ಕೆಟ್ಟಿರಲಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಮೆಮೊರಿಯನ್ನೇ ನೋಡಬೇಕಾಯಿತು. ಪರದೆಗೆ ಕಳಿಸುವ ಚಿತ್ರವನ್ನು ಇಟ್ಟುಕೊಳ್ಳುವ ಮೆಮೊರಿಯ ಭಾಗ, ಅಂದರೆ ಬಫರ್, 0x20001000 ಎಂಬ ವಿಳಾಸದಿಂದ ಆರಂಭವಾಗುತ್ತಿತ್ತು. ಅಗಲ 160 ಪಿಕ್ಸೆಲ್ ಆದ್ದರಿಂದ ಒಂದು ಸಾಲಿಗೆ 320 ಬೈಟ್. ಸೊನ್ನೆಯಿಂದ ಎಣಿಸಿದರೆ 10ನೆಯ ಸಾಲಿನ 16ನೆಯ ಪಿಕ್ಸೆಲ್ ಪಟ್ಟಿಯೊಳಗೇ ಇತ್ತು. ಬಫರ್‌ನ ಆರಂಭದಿಂದ ಅದರ ದೂರ, 10 ಸಾಲುಗಳ 3200 ಬೈಟ್‌ಗೆ 16 ಪಿಕ್ಸೆಲ್‌ಗಳ 32 ಕೂಡಿಸಿದರೆ, 3232, ಹೆಕ್ಸ್‌ನಲ್ಲಿ CA0. ಹಾಗಾಗಿ ನೋಡಬೇಕಾದ ವಿಳಾಸ 0x20001CA0.

ಜೊತೆಗಿದ್ದ ಸಹೋದ್ಯೋಗಿ ಡೀಬಗರ್ ತೆರೆದು, “ED 02 ಅಂತ ಸರಿಯಾಗೇ ಇದೆಯಲ್ಲ ಸಾರ್” ಎಂದಾಗ ಒಂದು ಕ್ಷಣ ನನಗೂ ಅನುಮಾನವಾಯಿತು. ಆದರೆ ಆಕೆ ತೆರೆದಿದ್ದ ವಿಳಾಸ 0x20001CA1. ಕೊನೆಯ ಅಂಕಿ 1, ಅಂದರೆ 0001. ಕಟ್ಟಕಡೆಯ ಬಿಟ್ 1 ಇರುವ ವಿಳಾಸ ಬೆಸಸಂಖ್ಯೆ. ಬಫರ್ ಸಮ ವಿಳಾಸದಿಂದ ಆರಂಭವಾಗಿ ಪ್ರತಿ ಪಿಕ್ಸೆಲ್ ಎರಡು ಬೈಟ್ ಹಿಡಿಯುವುದರಿಂದ, ಬೆಸ ವಿಳಾಸದಲ್ಲಿ ಪಿಕ್ಸೆಲ್ ಆರಂಭವಾಗಲಾರದು. ನಾವು ಒಂದು ಪಿಕ್ಸೆಲ್‌ನ ಕೊನೆಯರ್ಧವನ್ನೂ ಮುಂದಿನದರ ಮೊದಲರ್ಧವನ್ನೂ ಸೇರಿಸಿ ಓದುತ್ತಿದ್ದೆವು. ಇಡೀ ಪಟ್ಟಿ ಒಂದೇ ಬಣ್ಣದ್ದಾದ್ದರಿಂದ ಅದು ಗೊತ್ತಾಗುತ್ತಿರಲಿಲ್ಲ. 0x20001CA0 ತೆರೆದಾಗ ಕಂಡದ್ದು 02 ED.

ಇದು ಪ್ರೊಸೆಸರ್‌ನ ತಪ್ಪಲ್ಲ. ನಮ್ಮ STM32 ಚಿಪ್ 16 ಬಿಟ್‌ನ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ಕಿರಿಯ ಬೈಟನ್ನು ಮೊದಲು ಇಡುತ್ತದೆ. ಪರದೆಯ ಚಿಪ್ ಹಿರಿಯ ಬೈಟನ್ನು ಮೊದಲು ಬಯಸುತ್ತದೆ. ನಾವು ಬಫರನ್ನು ಒಂದೊಂದೇ ಬೈಟ್ ಆಗಿ SPI ತಂತಿಯಲ್ಲಿ ಕಳಿಸುತ್ತಿದ್ದುದರಿಂದ 02 ಮುಂದೆ ಹೋಗುತ್ತಿತ್ತು. ಪ್ರೋಗ್ರಾಂನಲ್ಲಿ 02ED ಎಂದೇ ಬರೆದುಬಿಡಬಹುದಿತ್ತು, ಆದರೆ ಮುಂದೆ ಆ ಸಾಲನ್ನು ಓದುವವರಿಗೆ ಅದು ಯಾವ ಬಣ್ಣವೆಂದು ತಿಳಿಯುವುದಿಲ್ಲ. ಆದ್ದರಿಂದ ಪಿಕ್ಸೆಲ್ ಕಳಿಸುವಾಗ ಮಾತ್ರ SPI ಅನ್ನು 16 ಬಿಟ್‌ಗೆ ಬದಲಿಸಿದೆ. ಪರದೆಗೆ ಕೊಡುವ ಆದೇಶಗಳು 8 ಬಿಟ್‌ನವೇ ಆಗಿರುವುದರಿಂದ, ಹಿಂದಿನ ರವಾನೆ ಪೂರ್ತಿ ಮುಗಿದಿದೆಯೇ ಎಂದು ನೋಡಿಕೊಂಡ ಮೇಲೆಯೇ ಈ ಬದಲಾವಣೆ ಮಾಡಬೇಕು.

ಈಗ ಪ್ರತಿ ಹೊಸ ಪರದೆಗೂ ಮೊದಲು ಶುದ್ಧ ಕೆಂಪು F800 ತುಂಬಿಸುತ್ತೇನೆ. ಬೈಟ್‌ಗಳು ಅದಲುಬದಲಾಗಿದ್ದರೆ ಅದು 00F8 ಆಗಿ, ಪರದೆಯೆಲ್ಲ ನೀಲಿಯಾಗುತ್ತದೆ.