ಎರಾಸ್ಮಸ್ ಮುಂಡಸ್ ಸಿಕ್ಕಿದ ಸುದ್ದಿಯನ್ನು ಜಂಬವಿಲ್ಲದೆ ಹೇಳಿದ ಬಗೆ

"ಪೋಸ್ಟೇ ಹಾಕಬೇಡ, ಹೇಗೆ ಬರೆದರೂ ಜಂಬ ಅಂತಲೇ ಅಂತಾರೆ" ಎಂದು ರೂಮ್‌ಮೇಟ್ ಹೇಳಿದ್ದ. ದೃಷ್ಟಿ ಆಗುತ್ತೆ ಅಂತ ಅಜ್ಜಿ. ಆದರೂ, ಯುರೋಪಿನಲ್ಲಿ ಸ್ನಾತಕೋತ್ತರ ಓದಿಗೆ ಕೊಡುವ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕಿದ ಸುದ್ದಿ ಹಾಕಿದೆ. ಓದಿದವರು ನನಗಿಂತ ಜಾಸ್ತಿ ನಮ್ಮ ಮೇಡಂಗೆ ಫೋನ್ ಮಾಡಿ ಅಭಿನಂದನೆ ಹೇಳಿದರು. ನನಗೆ ಬೇಕಾಗಿದ್ದೂ ಅದೇ.

ಮೊದಲ ವರ್ಷ ಕೆಟ್ಟದಾಗಿ ಎಡವಿದ್ದೆ. ಮೇಲ್ ಬಂದ ಖುಷಿಯಲ್ಲಿ ಪೂರ್ತಿ ಓದದೆ ಸ್ಟೇಟಸ್ ಹಾಕಿಬಿಟ್ಟೆ. ಅದು ರಿಸರ್ವ್ ಲಿಸ್ಟ್. ಮುಖ್ಯ ಪಟ್ಟಿಯಲ್ಲಿರುವವರು ಬೇಡ ಅಂದರೆ ಮಾತ್ರ ನಮಗೆ. ಯಾರೂ ಬೇಡ ಅನ್ನಲಿಲ್ಲ. ಸ್ಟೇಟಸ್ 24 ಗಂಟೆಗೆ ಹೋಯಿತು, "ಯಾವಾಗ ಹೊರಡೋದು?" ಅನ್ನೋ ಪ್ರಶ್ನೆ ಮಾತ್ರ ದೀಪಾವಳಿವರೆಗೂ ಬಂತು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಕೊಟ್ಟ ಹದಿನಾರು ಹದಿನೇಳು ಸಾವಿರ ಗೆಳೆಯನ ಸಾಲ, ಅದೂ ತೀರಿರಲಿಲ್ಲ. ಈ ಸಲ ಮುಖ್ಯ ಪಟ್ಟಿಯಲ್ಲಿ ಹೆಸರು ಬಂದು, ಒಪ್ಪಿಗೆ ಕಳಿಸಿ, ಸಹಿ ಎಲ್ಲ ಮುಗಿಯುವವರೆಗೆ ಹೊರಗೆ ಬಾಯಿ ಬಿಡಲಿಲ್ಲ. ಮೇಡಂಗೆ, ಲ್ಯಾಬ್‌ನ ಅಣ್ಣನಿಗೆ, ಪಿಯು ಮೇಷ್ಟ್ರಿಗೆ ಮಾತ್ರ ಮೊದಲೇ ಫೋನ್ ಮಾಡಿದೆ. ಹೋದ ಸಲ ಮೇಷ್ಟ್ರಿಗೆ ನನ್ನ ಸುದ್ದಿ ಬೇರೆಯವರ ಸ್ಟೇಟಸ್‌ನಿಂದ ಗೊತ್ತಾಗಿತ್ತು. ಅವರು ಏನೂ ಅನ್ನಲಿಲ್ಲ, ನನಗೇ ತಡೆಯಲಾಗಲಿಲ್ಲ.

ಬರವಣಿಗೆಗೆ ನಾಲ್ಕೈದು ದಿನ ಹಿಡಿಯಿತು. ಮೊದಲ ಕರಡಿನಲ್ಲಿ "ಪ್ರತಿಷ್ಠಿತ ವಿದ್ಯಾರ್ಥಿವೇತನವನ್ನು ಗಳಿಸಿದ್ದೇನೆ ಎಂದು ಹಂಚಿಕೊಳ್ಳಲು ಹೆಮ್ಮೆಯಾಗುತ್ತಿದೆ" ಎಂದಿತ್ತು. ಜೋರಾಗಿ ಓದಿದೆ, ಮದುವೆ ಮಂಟಪದ ಮೈಕಿನ ಹಾಗೆ ಕೇಳಿಸಿತು. ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. "ಗಳಿಸಿದೆ, ಗೆದ್ದೆ" ಅಂದರೆ ಮಾಡಿದವನು ನಾನು. "ಸಿಕ್ಕಿದೆ" ಅಂದರೆ ಸಾಕು, ಸುದ್ದಿ ಮುಟ್ಟುತ್ತೆ, ನಾನು ಪಕ್ಕಕ್ಕೆ ಸರಿಯುತ್ತೇನೆ. ಕರಡಿನಲ್ಲಿ "ನಾನು, ನನ್ನ" ಹದಿಮೂರೋ ಹದಿನಾಲ್ಕೋ ಇದ್ದವು, ಕೊನೆಗೆ ಎರಡು ಉಳಿದವು.

ಎರಡನೇ ಕರಡು ಇನ್ನೊಂದು ಕಡೆ ಕೆಟ್ಟಿತು. "ನಾನು ಏನೂ ಅಲ್ಲ, ಎಲ್ಲ ನಿಮ್ಮ ಆಶೀರ್ವಾದ" ಎಂದು ಬರೆದಿದ್ದೆ. ಮೇಡಂ ಓದಿ, "ಏನೂ ಅಲ್ಲದವನಿಗೆ ನಾನ್ಯಾಕೆ ಶಿಫಾರಸು ಪತ್ರ ಬರೆದೆ?" ಎಂದು ಕೇಳಿದರು. ಸರಿ ಅಲ್ವಾ? ಅಲ್ಲಿಂದ ಹೊಗಳಿಕೆಯ ಮಾತು ತೆಗೆದು, ಪ್ರತಿಯೊಬ್ಬರೂ ಮಾಡಿದ ಒಂದೊಂದು ಕೆಲಸ ಮಾತ್ರ ಬರೆದೆ. "ಸದಾ ಬೆನ್ನೆಲುಬಾಗಿ ನಿಂತರು" ಅನ್ನೋದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಕೊನೆಗೆ ಹೋಗಿದ್ದು ಇದು:

"ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕಿದೆ. ಇದು ಎರಡನೇ ಪ್ರಯತ್ನ, ಹೋದ ವರ್ಷ ರಿಸರ್ವ್ ಲಿಸ್ಟ್‌ನಲ್ಲೇ ನಿಂತಿತ್ತು. ಮೋಟಿವೇಶನ್ ಲೆಟರನ್ನು ಮೇಡಂ ನಾಲ್ಕು ಸಲ ತಿದ್ದಿದರು. ಮೂರನೇ ಸಲ ಅಂಚಿನಲ್ಲಿ 'ಇದರಲ್ಲಿ ನೀನೆಲ್ಲಿದ್ದೀಯ?' ಎಂದು ಬರೆದರು, ಆ ಪುಟ ಇನ್ನೂ ನನ್ನ ಹತ್ತಿರ ಇದೆ. ಕೆರೆ ನೀರಿನ ಪರೀಕ್ಷೆಯಲ್ಲಿ ನನ್ನ ಲೆಕ್ಕ ತಪ್ಪಿದ್ದನ್ನು ಮೊದಲು ಕಂಡವರು ಲ್ಯಾಬ್‌ನ ಅಣ್ಣ. ಮುಂದಿನ ಸಲ ಅರ್ಜಿ ಹಾಕುವವರಿಗೆ ಎರಡೂ ವರ್ಷದ ಕಾಗದಗಳನ್ನು ತೋರಿಸುತ್ತೇನೆ, ಸಿಗದೆ ಹೋದದ್ದನ್ನೂ."

ಮೊದಲ ವಾಕ್ಯದಲ್ಲೇ ಹೆಸರಿದೆ, ಯಾಕೆಂದರೆ ಫೋನಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತೆ. ಸುತ್ತಿ ಬಳಸಿ ಹೇಳಿದರೆ ಕುತೂಹಲ ಹುಟ್ಟಿಸುತ್ತಿದ್ದಾನೆ ಅನ್ನಿಸುತ್ತೆ. ಸೋತದ್ದು ಎರಡನೆಯ ವಾಕ್ಯದಲ್ಲಿ.

ಹಾಕುವ ಮುಂಚೆ ಹೆಸರಿಸಿದವರಿಗೆಲ್ಲ ಅವರವರ ಸಾಲು ಕಳಿಸಿ ಒಪ್ಪಿಗೆ ಕೇಳಿದೆ. ಲ್ಯಾಬ್‌ನ ಅಣ್ಣನ ಸಾಲಿನಲ್ಲಿ ಮೊದಲು "ಭಾನುವಾರವೂ ಲ್ಯಾಬ್ ತೆಗೆದುಕೊಟ್ಟರು" ಅಂತಿತ್ತು. "ಬೇಡಪ್ಪ, ಮೇಲಿನವರು ನೋಡಿದರೆ ನನಗೆ ಕೇಳ್ತಾರೆ" ಅಂದರು. ನನ್ನ ಕೃತಜ್ಞತೆ ಅವರಿಗೆ ನೋಟಿಸ್ ತರುತ್ತಿತ್ತು. ಸಾಲ ಕೊಟ್ಟ ಗೆಳೆಯನೂ ತನ್ನ ಹೆಸರು ಬೇಡ ಅಂದ. ಅವನಿಗೆ ಹಣ ವಾಪಸ್ ಕೊಟ್ಟು, ಜೊತೆಗೆ ಅರ್ಧ ಕೆಜಿ ಧಾರವಾಡ ಪೇಡಾ ಕೊಟ್ಟೆ.

ಹಣದ ವಿಷಯ ಬರೆಯಲೇ ಇಲ್ಲ. ಮನೆಯವರ ಗುಂಪಿನಲ್ಲಿ ಒಮ್ಮೆ ತಿಂಗಳಿಗೆ 1,400 ಯೂರೋ ಅಂದಿದ್ದೆ. ಮಾವ ತಕ್ಷಣ ಲಕ್ಷಕ್ಕೆ ಲೆಕ್ಕ ಹಾಕಿದರು, ಎರಡೇ ದಿನಕ್ಕೆ ದೂರದ ನೆಂಟರೊಬ್ಬರು ಸಾಲ ಕೇಳಿದರು. ಅದರಲ್ಲೇ ವೀಸಾ, ಟಿಕೆಟ್, ಬಾಡಿಗೆ, ಊಟ ಎಲ್ಲ ಬಂತು ಅಂತ ಯಾರಿಗೆ ಹೇಳೋದು?

ಒಂದು ಪ್ರಯೋಗವನ್ನೂ ಮಾಡಿದೆ. ಅದೇ ಬರಹವನ್ನು ಕಾಲೇಜಿನ ಗುಂಪಿಗೆ ವಿದ್ಯಾರ್ಥಿವೇತನ ಸಿಕ್ಕಿದ ಪತ್ರದ ಫೋಟೋ ಜೊತೆ ಹಾಕಿದೆ, ಬೇರೆ ಕಡೆ ಮೇಡಂ ತಿದ್ದಿದ ಪುಟದ ಫೋಟೋ ಜೊತೆ. ಪತ್ರಕ್ಕೆ ಬರೀ ಹೆಬ್ಬೆರಳು ಬಂದವು. ತಿದ್ದಿದ ಪುಟಕ್ಕೆ ಜನ ತಮ್ಮ ಮೇಷ್ಟ್ರ ಕಥೆ ಬರೆದರು, ನಲವತ್ತರ ಹತ್ತಿರ ಇರಬಹುದು. ಪತ್ರ ಹಾಕಲೇಬೇಕು ಅನ್ನುವವರು ಅರ್ಜಿ ಸಂಖ್ಯೆ, ಹುಟ್ಟಿದ ದಿನ ಮುಚ್ಚಿ ಹಾಕಿ.

ಹೋದ ವಾರ ಮೂವರು ಜೂನಿಯರ್‌ಗಳು ಕಾಗದ ನೋಡಲು ಬಂದಿದ್ದರು. ಸಿಗದೆ ಹೋದ ವರ್ಷದ್ದನ್ನೇ ಮೊದಲು ಕೇಳಿದರು.